ನಂಬರು ಅದೇ, ಫೋನು ಹೊಸದು: ಹಳೆಯ ಸಂದೇಶಗಳು ಎಲ್ಲಿ ಹೋದವು?

ಕಳೆದ ಅಡಿಕೆ ಕೊಯ್ಲಿನ ಕಾಲದಲ್ಲಿ ಒಂದು ದಿನ ಬೆಳಿಗ್ಗೆ ಸಂಘದ ಕಚೇರಿಯ ಬಾಗಿಲು ತೆರೆಯುವಷ್ಟರಲ್ಲಿಯೇ ನಮ್ಮ ಹಿರಿಯ ಸದಸ್ಯರೊಬ್ಬರು ಜಗಲಿಯ ಮೇಲೆ ಕುಳಿತಿದ್ದರು. ಕೈಯಲ್ಲಿ ಹೊಸ ಮೊಬೈಲು, ಮುಖದಲ್ಲಿ ಮಾತ್ರ ಹೊಸ ವಸ್ತು ಕೊಂಡವರ ಕಳೆ ಇರಲಿಲ್ಲ. "ನಂಬರು ಬದಲಾಯಿಸಿಲ್ಲ ಸೆಕ್ರೆಟರಿಗಳೇ, ಅದೇ ಸಿಮ್ಮು. ಗುಂಪುಗಳೆಲ್ಲ ಬಂದಿವೆ, ನನ್ನ ಭಾವಚಿತ್ರವೂ ಬಂದಿದೆ. ಆದರೆ ತೂಕದ ಚೀಟಿಗಳ ಪಟ ಒಂದೂ ಇಲ್ಲ. ಲೆಕ್ಕ ಎಲ್ಲಿ ಹೋಯಿತು?" ಎಂದು ಕೇಳಿದರು.

ಇವರು ತಮ್ಮ ತೋಟದ ಫಸಲನ್ನು ಚೇಣಿಗೆ ಕೊಟ್ಟವರು. ಒಂದು ಕ್ವಿಂಟಲ್ ಹಸಿ ಅಡಿಕೆಗೆ 13 ಕೆ.ಜಿ. ಒಣ ಅಡಿಕೆ ಎಂಬ ಮಾತಾಗಿತ್ತು. ಪ್ರತಿ ಕೊಯ್ಲಿನ ದಿನವೂ ಚೇಣಿದಾರರ ಕಡೆಯ ಹುಡುಗ ತೂಕದ ಚೀಟಿಯ ಪಟ ತೆಗೆದು ವಾಟ್ಸಾಪಿನಲ್ಲಿ ಕಳಿಸುತ್ತಿದ್ದ. ಹಾಗಾಗಿ ನಮ್ಮ ಸದಸ್ಯರು ಪುಸ್ತಕದಲ್ಲಿ ಬರೆದಿಟ್ಟುಕೊಂಡಿರಲಿಲ್ಲ. ಮೂರು ಕೊಯ್ಲು ಮುಗಿದು ಲೆಕ್ಕಕ್ಕೆ ಕುಳಿತಾಗ ಚೇಣಿದಾರರ ಪುಸ್ತಕದಲ್ಲಿ ಒಟ್ಟು 58 ಕ್ವಿಂಟಲ್ ಇತ್ತು. ಇವರ ನೆನಪಿನ ಪ್ರಕಾರ ಅದು 60ರ ಮೇಲೆ. ತೋರಿಸಲು ಕೈಯಲ್ಲಿ ಏನೂ ಇಲ್ಲ. ಎರಡು ದಿನದ ಹಿಂದಷ್ಟೇ ಫೋನು ಬದಲಾಯಿಸಿದ್ದರು.

ಆ ಲೆಕ್ಕ ಮರಳಿ ಸಿಕ್ಕಿದ ಬಗೆಯನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇವೆ. ಇದೇ ಪ್ರಶ್ನೆಯನ್ನು ಹಿಡಿದು ಬಂದ ಸದಸ್ಯರು ಇವರೊಬ್ಬರೇ ಅಲ್ಲ. ಅವರಲ್ಲಿ ಎಲ್ಲರಿಗೂ ಇವರಿಗಿದ್ದ ಅದೃಷ್ಟ ಇರಲಿಲ್ಲ.

ನಂಬರು ಏನನ್ನು ತರುತ್ತದೆ, ಏನನ್ನು ತರುವುದಿಲ್ಲ

ನಂಬರು ಒಂದೇ ಆದ ಮೇಲೆ ಎಲ್ಲವೂ ತಾನಾಗಿ ಬರಬೇಕಲ್ಲವೇ ಎಂಬುದು ಸಹಜವಾದ ತಿಳಿವಳಿಕೆ. ತೊಡಕಿನ ಮೂಲ ಇರುವುದೇ ಇಲ್ಲಿ. ವಾಟ್ಸಾಪಿನಲ್ಲಿ ನಂಬರು ಎಂದರೆ ನಮ್ಮ ಖಾತೆಯ ಹೆಸರು. ಯಾವ ಗುಂಪಿನಲ್ಲಿ ನಾವು ಇದ್ದೇವೆ, ನಮ್ಮ ಹೆಸರು ಮತ್ತು ಭಾವಚಿತ್ರ ಯಾವುದು ಎಂಬುದು ಕಂಪನಿಯ ಯಂತ್ರಗಳಲ್ಲಿ ಖಾತೆಯ ಜೊತೆಗೆ ಇರುತ್ತದೆ. ಆದುದರಿಂದ ಅವು ಹೊಸ ಫೋನಿಗೆ ತಾವಾಗಿಯೇ ಬರುತ್ತವೆ.

ಸಂದೇಶಗಳ ರೀತಿ ಬೇರೆ. ಒಬ್ಬರು ಕಳಿಸಿದ ಸಂದೇಶ ಇನ್ನೊಬ್ಬರ ಫೋನಿಗೆ ತಲುಪಿದ ಕೂಡಲೇ ಕಂಪನಿಯ ಯಂತ್ರದಿಂದ ಅಳಿಸಿಹೋಗುತ್ತದೆ. ತಲುಪದೆ ಉಳಿದವನ್ನು ಮಾತ್ರ 30 ದಿನಗಳವರೆಗೆ ಇಟ್ಟುಕೊಳ್ಳುತ್ತಾರೆ. ಅಂಚೆಯಣ್ಣ ಕಾಗದವನ್ನು ಮನೆಗೆ ಮುಟ್ಟಿಸಿ ಹೋಗುತ್ತಾನೆಯೇ ಹೊರತು ಅದರ ಪ್ರತಿಯನ್ನು ಅಂಚೆ ಕಚೇರಿಯಲ್ಲಿ ಇಡುವುದಿಲ್ಲವಷ್ಟೆ. ಹಾಗೆಯೇ ಬಂದ ಕಾಗದಗಳೆಲ್ಲ ನಮ್ಮ ಮನೆಯ ಪೆಟ್ಟಿಗೆಯಲ್ಲಿ, ಎಂದರೆ ಹಳೆಯ ಫೋನಿನಲ್ಲಿ ಇರುತ್ತವೆ. ಮನೆ ಬದಲಾಯಿಸಿದವರು ಪೆಟ್ಟಿಗೆಯನ್ನು ತಾವೇ ಹೊತ್ತು ತರಬೇಕು.

ಪೆಟ್ಟಿಗೆ ತರಲು ಎರಡು ದಾರಿಗಳಿವೆ. ಒಂದು, ಹಳೆಯ ಫೋನಿನಿಂದ ಗೂಗಲ್ ಡ್ರೈವಿಗೆ ಬ್ಯಾಕಪ್ ಎಂಬ ನಕಲು ಪ್ರತಿಯನ್ನು ಹಾಕಿ, ಅಲ್ಲಿಂದ ಹೊಸ ಫೋನಿಗೆ ಇಳಿಸಿಕೊಳ್ಳುವುದು. ಇನ್ನೊಂದು, ಎರಡೂ ಫೋನುಗಳನ್ನು ಪಕ್ಕಪಕ್ಕದಲ್ಲಿಟ್ಟು ನೇರವಾಗಿ ದಾಟಿಸುವುದು. ಈ ಎರಡನೆಯ ಸೌಕರ್ಯ 2023ರಲ್ಲಿ ಬಂದಿತು. ನಾವು ಇಲ್ಲಿ ಹೇಳುತ್ತಿರುವುದು ಆಂಡ್ರಾಯ್ಡ್ ಫೋನಿನಿಂದ ಆಂಡ್ರಾಯ್ಡ್ ಫೋನಿಗೆ ಹೋಗುವ ಕ್ರಮ. ನಮ್ಮ ಸದಸ್ಯರಲ್ಲಿ ಬಹುಮಂದಿಯ ಬಳಿ ಇರುವುದು ಅದೇ.

ಅಂಗಡಿಯಲ್ಲಿ ನಡೆದದ್ದು

ನಮ್ಮ ಸದಸ್ಯರ ಹೊಸ ಫೋನನ್ನು ಪರಿಶೀಲಿಸಿದಾಗ ಎರಡು ಸಂಗತಿಗಳು ಕಂಡುಬಂದವು. ಮೊದಲನೆಯದು, ಫೋನು ಕೊಟ್ಟ ಅಂಗಡಿಯ ಹುಡುಗ ಅವಸರದಲ್ಲಿ ಹೊಸದೊಂದು ಜಿ-ಮೇಲ್ ವಿಳಾಸವನ್ನು ತೆರೆದು ಅದರಲ್ಲಿ ಹಾಕಿದ್ದ. ಹಳೆಯ ವಿಳಾಸದ ಗುಟ್ಟಿನ ಪದ ಇವರಿಗೆ ನೆನಪಿರಲಿಲ್ಲ, ಅವನಿಗೂ ಕಾಯುವ ವ್ಯವಧಾನ ಇರಲಿಲ್ಲ. ಆದರೆ ಡ್ರೈವಿನಲ್ಲಿರುವ ಪ್ರತಿ ಸಿಗಬೇಕಾದರೆ ಫೋನ್ ನಂಬರೂ ಅದೇ ಇರಬೇಕು, ಗೂಗಲ್ ಖಾತೆಯೂ ಅದೇ ಇರಬೇಕು. ಒಂದು ಬೀಗಕ್ಕೆ ಎರಡು ಕೀಲಿ ಇದ್ದಂತೆ. ಇವರ ಬಳಿ ಒಂದು ಕೀಲಿ ಮಾತ್ರ ಉಳಿದಿತ್ತು.

ಎರಡನೆಯದು, ನಂಬರನ್ನು ದೃಢೀಕರಿಸಿದ ನಂತರ ಹಳೆಯ ಸಂದೇಶಗಳನ್ನು ತರಬೇಕೇ ಎಂದು ಫೋನು ಕೇಳುವ ಹಂತದಲ್ಲಿ ಹುಡುಗ Skip ಎಂಬುದನ್ನು ಒತ್ತಿದ್ದ. ಈ ಪ್ರಶ್ನೆ ಬರುವುದು ಒಂದೇ ಬಾರಿ, ಅದೂ ಆರಂಭದಲ್ಲಿ ಮಾತ್ರ. ದಾಟಿಹೋದ ಮೇಲೆ ಒಳಗೆ ಎಷ್ಟು ಹುಡುಕಿದರೂ ಆ ಗುಂಡಿ ಸಿಗುವುದಿಲ್ಲ. ವಾಟ್ಸಾಪನ್ನೇ ತೆಗೆದುಹಾಕಿ, ಪುನಃ ಹಾಕಿಕೊಂಡು, ಮೊದಲಿನಿಂದ ಬರಬೇಕು.

ಇಂತಹ ಸಂದರ್ಭದಲ್ಲಿ ದಿನ ದೂಡುವುದು ಅಪಾಯ. ಹೊಸ ಫೋನಿನಲ್ಲಿ ಹಳೆಯ ಗೂಗಲ್ ಖಾತೆಯೇ ಇದ್ದು, ಖಾಲಿ ವಾಟ್ಸಾಪಿನಿಂದಲೇ ಹೊಸ ಬ್ಯಾಕಪ್ ಹೋಗಿಬಿಟ್ಟರೆ, ಅದು ಹಿಂದಿನ ಪ್ರತಿಯ ಮೇಲೆಯೇ ಬಂದು ಕೂರುತ್ತದೆ. ಹಿಂದಿನದು ಮತ್ತೆ ಸಿಗದು. ಆದುದರಿಂದ Skip ಒತ್ತಿದ್ದು ತಿಳಿದ ದಿನವೇ ಸರಿಪಡಿಸಬೇಕು, ಮತ್ತು ಅಲ್ಲಿಯವರೆಗೆ ಹೊಸ ಫೋನಿನಲ್ಲಿ Back up ಎಂಬ ಹಸಿರು ಗುಂಡಿಯನ್ನು ಮುಟ್ಟಬಾರದು. ನಮ್ಮ ಸದಸ್ಯರ ವಿಷಯದಲ್ಲಿ ಅಂಗಡಿಯವನು ಬೇರೆ ಖಾತೆ ಹಾಕಿದ್ದರಿಂದ ಹಳೆಯ ಪ್ರತಿಯಾದರೂ ಹಾಳಾಗದೆ ಉಳಿದಿತ್ತು.

ಆದರೆ ಆ ಪ್ರತಿಯಿಂದಲೂ ಪ್ರಯೋಜನವಿರಲಿಲ್ಲವೆಂಬುದು ಆಮೇಲೆ ತಿಳಿಯಿತು.

ಹಳೆಯ ಫೋನು ಕೈಗೆ ಬಂದ ಮೇಲೆ

ಹಳೆಯ ಫೋನು ಎಲ್ಲಿ ಎಂದು ಕೇಳಿದೆವು. ಗಾಜು ಒಡೆದಿದ್ದರಿಂದ ಅಂಗಡಿಯವರು ವಿನಿಮಯಕ್ಕೆ ತೆಗೆದುಕೊಳ್ಳಲಿಲ್ಲವಂತೆ, ಮನೆಯಲ್ಲಿ ಮೊಮ್ಮಗನ ಕೈಯಲ್ಲಿದೆ ಎಂದರು. ಅದನ್ನು ಕೇಳಿ ನಮಗೆ ಸಮಾಧಾನವಾಯಿತು. ಹೊಸ ಫೋನಿನಲ್ಲಿ ನಂಬರು ದಾಖಲಾದ ಕೂಡಲೇ ಹಳೆಯದರಲ್ಲಿ ವಾಟ್ಸಾಪು ಮುಚ್ಚಿಕೊಳ್ಳುತ್ತದೆ. ಈ ನಂಬರು ಬೇರೆ ಫೋನಿನಲ್ಲಿ ದಾಖಲಾಗಿದೆ ಎಂಬ ಮಾತು ಕಾಣುತ್ತದೆ. ಬಾಗಿಲು ಮುಚ್ಚಿದೆಯೇ ಹೊರತು ಒಳಗಿನ ಪೆಟ್ಟಿಗೆ ಹಾಗೆಯೇ ಇರುತ್ತದೆ. ವಾಟ್ಸಾಪನ್ನು ಅಳಿಸಿರಬಾರದು, ಫೋನನ್ನು ಒರೆಸಿ ಬರಿದು ಮಾಡಿರಬಾರದು, ಅಷ್ಟೆ.

ಮಧ್ಯಾಹ್ನ ಫೋನು ಬಂದಿತು. ಅದರಲ್ಲಿ ವಾಟ್ಸಾಪನ್ನು ತೆರೆದು ಅದೇ ನಂಬರನ್ನು ಪುನಃ ದಾಖಲಿಸಿದೆವು. ಸಿಮ್ಮು ಹೊಸ ಫೋನಿನಲ್ಲಿತ್ತು. ಆರು ಅಂಕಿಯ ಸಂಖ್ಯೆ ಅಲ್ಲಿಗೆ ಎಸ್ಸೆಮ್ಮೆಸ್ ಆಗಿ ಬಂತು, ಅದನ್ನು ನೋಡಿ ಹಳೆಯದರಲ್ಲಿ ಕೈಯಾರೆ ಹಾಕಿದೆವು. ಸಿಮ್ಮು ಯಾವ ಫೋನಿನಲ್ಲಿದೆ ಎಂಬುದು ಇಲ್ಲಿ ಮುಖ್ಯವಲ್ಲ, ಆ ಸಂಖ್ಯೆ ನಮ್ಮ ಕಣ್ಣಿಗೆ ಬಿದ್ದರೆ ಸಾಕು. ಇಂಟರ್ನೆಟ್ಟಿಗೆ ಕಚೇರಿಯ ವೈಫೈ ಇತ್ತು. ಬಾಗಿಲು ತೆರೆಯಿತು. ಮೂರು ಕೊಯ್ಲಿನ ಚೀಟಿಗಳೂ ಅಲ್ಲಿದ್ದವು.

ಮೊದಲ ಕೆಲಸವಾಗಿ ಆ ಚೀಟಿಗಳನ್ನು ಓದಿ ಕಾಗದದಲ್ಲಿ ಬರೆದುಕೊಂಡೆವು. ಮೊದಲ ಕೊಯ್ಲು 18 ಕ್ವಿಂಟಲ್ 40 ಕೆ.ಜಿ., ಎರಡನೆಯದು 31 ಕ್ವಿಂಟಲ್ 75, ಮೂರನೆಯದು 12 ಕ್ವಿಂಟಲ್ 60. ಒಟ್ಟು 62 ಕ್ವಿಂಟಲ್ 75 ಕೆ.ಜಿ. ಚೇಣಿದಾರರ ಪುಸ್ತಕಕ್ಕಿಂತ 4 ಕ್ವಿಂಟಲ್ 75 ಕೆ.ಜಿ. ಹೆಚ್ಚು, ಎಂದರೆ ಒಣ ಅಡಿಕೆಯಲ್ಲಿ ಸುಮಾರು 62 ಕೆ.ಜಿ. ವ್ಯತ್ಯಾಸ. ಸಣ್ಣ ಹಿಡುವಳಿದಾರರಿಗೆ ಅದು ಸಣ್ಣ ಮಾತಲ್ಲ.

ಬಳಿಕ ಬ್ಯಾಕಪ್ ಹೇಗಿದೆ ಎಂದು ನೋಡಿದೆವು. ಮೇಲ್ಗಡೆ ಬಲಮೂಲೆಯ ಮೂರು ಚುಕ್ಕಿಗಳನ್ನು ಒತ್ತಿ Settings, ಅದರಲ್ಲಿ Chats, ಅದರಲ್ಲಿ Chat backup ಎಂಬಲ್ಲಿಗೆ ಹೋದರೆ ಕೊನೆಯ ಪ್ರತಿ ಯಾವ ದಿನದ್ದು, ಎಷ್ಟು ದೊಡ್ಡದು ಎಂದು ತೋರಿಸುತ್ತದೆ. ಕೆಳಗೆ Google Account ಎಂಬಲ್ಲಿ ಯಾವ ಜಿ-ಮೇಲ್ ವಿಳಾಸಕ್ಕೆ ಹೋಗುತ್ತಿದೆ ಎಂದೂ ಇರುತ್ತದೆ. ಫೋನನ್ನು ಕನ್ನಡದಲ್ಲಿ ಇಟ್ಟುಕೊಂಡವರಿಗೆ ಈ ಹೆಸರುಗಳು ಕನ್ನಡದಲ್ಲಿಯೇ ಕಾಣುತ್ತವೆ. ಇವರದರಲ್ಲಿ ಡ್ರೈವಿಗೆ ಹೋದ ಕೊನೆಯ ಪ್ರತಿ ಆಗಸ್ಟ್ ತಿಂಗಳಿನದು. ಕೊಯ್ಲು ಶುರುವಾದದ್ದು ಅಕ್ಟೋಬರಿನಲ್ಲಿ. ಖಾತೆಯ ಗುಟ್ಟಿನ ಪದ ನೆನಪಿದ್ದರೂ, ಅಂಗಡಿಯ ಹುಡುಗ ಎಲ್ಲವನ್ನೂ ಸರಿಯಾಗಿ ಮಾಡಿದ್ದರೂ ಚೀಟಿಗಳು ಬರುತ್ತಿರಲಿಲ್ಲ.

ಆಗಸ್ಟಿನಲ್ಲಿ ನಿಂತದ್ದೇಕೆ? ಗೂಗಲಿನವರು ಪುಕ್ಕಟೆಯಾಗಿ ಕೊಡುವ ಜಾಗ 15 ಜಿಬಿ. ಮೊದಲು ವಾಟ್ಸಾಪಿನ ಪ್ರತಿ ಈ ಲೆಕ್ಕಕ್ಕೆ ಸೇರುತ್ತಿರಲಿಲ್ಲ. 2024ರಲ್ಲಿ ಹಂತಹಂತವಾಗಿ ಅದನ್ನೂ ಸೇರಿಸಿದರು. ಜಿ-ಮೇಲ್, ಫೋಟೋಗಳು, ವಾಟ್ಸಾಪು ಎಲ್ಲವೂ ಅದೇ ಉಗ್ರಾಣದಲ್ಲಿ. ಉಗ್ರಾಣ ತುಂಬಿದರೆ ಹೊಸ ಪ್ರತಿ ಹೋಗುವುದು ನಿಲ್ಲುತ್ತದೆ. ಫೋನು ಎಚ್ಚರಿಕೆ ತೋರಿಸುತ್ತದೆ, ನಾವು ಅದನ್ನು ಸರಿಸಿ ಮುಂದಕ್ಕೆ ಹೋಗುತ್ತೇವೆ.

ನೇರವಾಗಿ ದಾಟಿಸಿದ ಕ್ರಮ

ಆದುದರಿಂದ ಡ್ರೈವಿನ ದಾರಿಯನ್ನು ಬಿಟ್ಟು ಎರಡನೆಯ ದಾರಿ ಹಿಡಿದೆವು. ಇದರಲ್ಲಿ ಸಂದೇಶಗಳು ಒಂದು ಫೋನಿನಿಂದ ಇನ್ನೊಂದಕ್ಕೆ ವೈಫೈ ಅಲೆಗಳ ಮೂಲಕ ನೇರವಾಗಿ ಹೋಗುತ್ತವೆ. ನಂಬರನ್ನು ದೃಢೀಕರಿಸಲು ಇಂಟರ್ನೆಟ್ ಬೇಕೇ ಹೊರತು, ದಾಟಿಸುವ ಕೆಲಸಕ್ಕೆ ಡೇಟಾ ಖರ್ಚಾಗುವುದಿಲ್ಲ, ಮನೆಯಲ್ಲಿ ವೈಫೈ ಪೆಟ್ಟಿಗೆ ಇರಬೇಕೆಂದೂ ಇಲ್ಲ. ಸಿಗ್ನಲ್ಲಿಗಾಗಿ ಗುಡ್ಡ ಹತ್ತುವ ನಮ್ಮ ಕಡೆಯ ತೋಟದ ಮನೆಗಳಿಗೆ ಇದೇ ಹೆಚ್ಚು ಹೊಂದುವ ದಾರಿ ಎಂದು ನಮ್ಮ ಅಭಿಪ್ರಾಯ.

ಎರಡೂ ಫೋನುಗಳನ್ನು ಚಾರ್ಜಿಗೆ ಹಾಕಿ ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಇಟ್ಟೆವು. ಎರಡರಲ್ಲೂ ವೈಫೈಯನ್ನೂ, ಸ್ಥಳ ತೋರಿಸುವ ಲೊಕೇಶನ್ನನ್ನೂ ಚಾಲೂ ಮಾಡಿದೆವು. ಹೊಸ ಫೋನಿನಲ್ಲಿ ಎರಡು ದಿನಗಳಲ್ಲಿ ಬಂದಿದ್ದ ಕೆಲವು ಸಂದೇಶಗಳು ಇನ್ನು ಉಳಿಯುವುದಿಲ್ಲವಾದ್ದರಿಂದ ಅವುಗಳಲ್ಲಿ ಬೇಕಾದ ವಿಷಯವನ್ನು ಮೊದಲೇ ಬರೆದುಕೊಂಡಿದ್ದೆವು. ಆಮೇಲೆ ಹೊಸ ಫೋನಿನಿಂದ ವಾಟ್ಸಾಪನ್ನು ತೆಗೆದುಹಾಕಿ ಪುನಃ ಹಾಕಿದೆವು.

ಹಳೆಯ ಫೋನಿನಲ್ಲಿ Settings, Chats, ಅದರೊಳಗೆ Transfer chats ಎಂಬುದನ್ನು ತೆರೆದು Start ಒತ್ತಿದೆವು. ಈಗ ಹಳೆಯ ಫೋನಿನ ಕ್ಯಾಮೆರಾ ಸಿದ್ಧವಾಗಿ ನಿಲ್ಲುತ್ತದೆ. ಹೊಸ ಫೋನಿನಲ್ಲಿ ಅದೇ ನಂಬರನ್ನು ಹಾಕಿ ಆರು ಅಂಕಿಯ ಸಂಖ್ಯೆಗೆ ಕಾದೆವು. ಒಂದೇ ದಿನ ಮತ್ತೆ ಮತ್ತೆ ಕೇಳಿದರೆ ಸಂಖ್ಯೆ ಕೂಡಲೇ ಬರುವುದಿಲ್ಲ. ಪರದೆಯ ಮೇಲೆ ಸಮಯ ಇಳಿಯುತ್ತಾ ಹೋಗುತ್ತದೆ. ನಮಗೆ ಸುಮಾರು ಒಂದು ಗಂಟೆ ಕಾಯಬೇಕಾಯಿತು. ಅವಸರಪಟ್ಟು ಪುನಃ ಪುನಃ ಒತ್ತಿದಷ್ಟೂ ಕಾಯುವ ಹೊತ್ತು ಹೆಚ್ಚುತ್ತದೆ. ಕಾಫಿ ಕುಡಿದು ಬಂದು ಹಳೆಯ ಫೋನಿನಲ್ಲಿ Start ಅನ್ನು ಮತ್ತೊಮ್ಮೆ ಒತ್ತಿ ಸಿದ್ಧಮಾಡಿಕೊಂಡೆವು.

ಸಂಖ್ಯೆ ಬಂದು ದೃಢೀಕರಣವಾದ ಮೇಲೆ ಹಳೆಯ ಫೋನಿನಿಂದ ಸಂದೇಶಗಳನ್ನು ತರಬೇಕೇ ಎಂದು ಹೊಸ ಫೋನು ಕೇಳಿತು. ಅಂಗಡಿಯ ಹುಡುಗ ದಾಟಿಸಿಬಿಟ್ಟ ಹಂತ ಇದೇ. ಒಪ್ಪಿದೆವು. ಅದು ಕೇಳಿದ ಅನುಮತಿಗಳನ್ನು ಕೊಟ್ಟೆವು. ಪರದೆಯ ಮೇಲೆ ಚೌಕಟ್ಟಿನ ಕ್ಯೂಆರ್ ಸಂಕೇತ ಮೂಡಿತು, ಯುಪಿಐ ಹಣ ಕಳಿಸುವಾಗ ಅಂಗಡಿಗಳಲ್ಲಿ ನೋಡುವಂತಹುದೇ. ಹಳೆಯ ಫೋನಿನ ಕ್ಯಾಮೆರಾವನ್ನು ಅದಕ್ಕೆ ಹಿಡಿದಾಗ ಎರಡು ಫೋನುಗಳಿಗೂ ಸಂಪರ್ಕವಾಯಿತು. ಸುಮಾರು 6 ಜಿಬಿ ಇತ್ತು, ಅರ್ಧ ಗಂಟೆಯೊಳಗೆ ಮುಗಿಯಿತು. ಅಷ್ಟು ಹೊತ್ತು ಪರದೆ ಆರದಂತೆ, ಕರೆಗಳು ಅಡ್ಡ ಬರದಂತೆ ನೋಡಿಕೊಂಡೆವು. ನಡುವೆ ಕಡಿದರೆ ಮತ್ತೆ ಮೊದಲಿನಿಂದ ಮಾಡಬೇಕಾಗುತ್ತದೆ.

ಬಂದಿದೆಯೇ ಎಂದು ತಿಳಿಯುವುದು ಹೇಗೆ

ಪಟ್ಟಿಯಲ್ಲಿ ಹೆಸರುಗಳು ಕಂಡವೆಂದು ಎದ್ದುಹೋಗಬಾರದು. ಯಾವುದಾದರೂ ಒಂದು ಮುಖ್ಯ ಸಂಭಾಷಣೆಯನ್ನು ತೆರೆದು ಮೇಲಕ್ಕೆ ಸರಿಸುತ್ತಾ ಹೋಗಿ ಹಳೆಯ ಫೋನಿನಲ್ಲಿದ್ದಷ್ಟು ಹಿಂದಕ್ಕೆ ಇದೆಯೇ ನೋಡಬೇಕು. ಒಂದು ಹಳೆಯ ಪಟವನ್ನು ತೆರೆಯಬೇಕು, ಒಂದು ಧ್ವನಿ ಸಂದೇಶವನ್ನು ಕೇಳಬೇಕು. ಡ್ರೈವಿನಿಂದ ಇಳಿಸಿದವರು ಇದನ್ನು ವಿಶೇಷವಾಗಿ ಗಮನಿಸಬೇಕು. ಅಲ್ಲಿ ಮೊದಲು ಬರಹ ಬರುತ್ತದೆ, ಪಟ ಮತ್ತು ಧ್ವನಿಗಳು ಹಿಂದಿನಿಂದ ನಿಧಾನವಾಗಿ ಇಳಿಯುತ್ತವೆ. ಬರಹ ಕಂಡಿತೆಂದು ಹಳೆಯ ಫೋನನ್ನು ಅದೇ ದಿನ ಕೊಟ್ಟುಬಿಟ್ಟರೆ ಮಸುಕು ಚಿತ್ರಗಳು ಮಾತ್ರ ಉಳಿಯಬಹುದು. ವಿಡಿಯೋಗಳು ಬೇಕೆನ್ನುವವರು ಹಳೆಯ ಫೋನಿನ Chat backup ಪುಟದಲ್ಲಿ Include videos ಎಂಬುದನ್ನು ಚಾಲೂ ಮಾಡಿದ ಮೇಲೆಯೇ ಪ್ರತಿ ತೆಗೆಯಬೇಕು, ಇಲ್ಲವಾದರೆ ಅವು ಪ್ರತಿಯಲ್ಲಿ ಸೇರುವುದೇ ಇಲ್ಲ.

ಇನ್ನೆರಡು ಬೀಗಗಳ ವಿಷಯ ಹೇಳಬೇಕು. ಕೆಲವರು ಖಾತೆಗೆ ಆರು ಅಂಕಿಯ ಗುಟ್ಟಿನ ಪಿನ್ ಹಾಕಿಕೊಂಡಿರುತ್ತಾರೆ. ಹೊಸ ಫೋನು ಅದನ್ನು ಕೇಳುತ್ತದೆ. ಇದು ಎಸ್ಸೆಮ್ಮೆಸ್ಸಿನಲ್ಲಿ ಬರುವ ಸಂಖ್ಯೆಯಲ್ಲ, ನಾವೇ ಇಟ್ಟದ್ದು. ಮರೆತಿದ್ದು, ಇ-ಮೇಲ್ ವಿಳಾಸವನ್ನೂ ಕೊಟ್ಟಿರದಿದ್ದರೆ ಏಳು ದಿನ ಕಾಯಬೇಕಾಗುತ್ತದೆ. ಎರಡನೆಯದು, End-to-end encrypted backup ಎಂಬ ಹೆಸರಿನಲ್ಲಿ ಡ್ರೈವಿನ ಪ್ರತಿಗೇ ಪ್ರತ್ಯೇಕ ಗುಟ್ಟಿನ ಪದ ಅಥವಾ 64 ಅಂಕೆ-ಅಕ್ಷರಗಳ ಕೀಲಿ ಹಾಕುವ ಏರ್ಪಾಡು. ಇದನ್ನು ಮರೆತರೆ ಕಂಪನಿಯವರೂ ತೆರೆದುಕೊಡಲಾರರು. ಇವೆರಡೂ ನಿಮ್ಮ ಫೋನಿನಲ್ಲಿ ಚಾಲೂ ಇವೆಯೇ ಎಂಬುದನ್ನು ಹಳೆಯ ಫೋನು ಕೆಲಸ ಮಾಡುತ್ತಿರುವಾಗಲೇ ನೋಡಿಕೊಳ್ಳುವುದು ಕ್ಷೇಮ.

ಆಂಡ್ರಾಯ್ಡ್ ಬಿಟ್ಟು ಐಫೋನಿಗೆ ಹೋಗುವವರಿಗೆ ಒಂದು ಮಾತು. ಪರ ಊರಿನಲ್ಲಿರುವ ಮಕ್ಕಳು ತಂದುಕೊಡುವುದುಂಟು. ಗೂಗಲ್ ಡ್ರೈವಿನ ಪ್ರತಿ ಐಫೋನಿನಲ್ಲಿ ಇಳಿಯುವುದಿಲ್ಲ. ಅದಕ್ಕೆ Move to iOS ಎಂಬ ಬೇರೆ ಸಾಧನವಿದ್ದು, ಐಫೋನನ್ನು ಮೊದಲ ಬಾರಿ ಸಿದ್ಧಪಡಿಸುವಾಗಲೇ ಆ ಕೆಲಸ ಮಾಡಬೇಕು. ಆದ್ದರಿಂದ ಮಕ್ಕಳು ಡಬ್ಬಿ ಬಿಚ್ಚುವ ಮೊದಲೇ ಈ ಮಾತನ್ನು ಅವರಿಗೆ ತಿಳಿಸಿ.

ಸಿಗದೆ ಹೋದ ಲೆಕ್ಕ

ಇದೇ ಕಾಲದಲ್ಲಿ ಇನ್ನೊಬ್ಬ ಸದಸ್ಯರು ಬಂದಿದ್ದರು. ಕಾಫಿ ವ್ಯಾಪಾರಿಯೊಬ್ಬರು ಚೆರಿಗೆ ಒಪ್ಪಿದ ದರವನ್ನು ಧ್ವನಿ ಸಂದೇಶದಲ್ಲಿ ಹೇಳಿದ್ದರಂತೆ. ಇವರ ಹಳೆಯ ಫೋನು ವಿನಿಮಯಕ್ಕೆ ಹೋಗಿ ಒಂದು ವಾರವಾಗಿತ್ತು, ಅಂಗಡಿಯವರು ಅದನ್ನು ಒರೆಸಿ ಮಾರಿಯೂ ಆಗಿತ್ತು. ಡ್ರೈವಿಗೆ ಯಾವತ್ತೂ ಪ್ರತಿ ಹೋಗಿರಲಿಲ್ಲ. ಕಳಿಸಿದವರ ಫೋನಿನಲ್ಲಿ ಆ ಸಂದೇಶ ಇನ್ನೂ ಇರಬಹುದು, ಅವರೇ ಮತ್ತೊಮ್ಮೆ ಕಳಿಸಿದರೆ ಸಿಗುತ್ತದೆ, ಬೇರೆ ದಾರಿಯಿಲ್ಲ ಎಂದೆವು. "ಕಳಿಸುವ ಮನಸ್ಸಿದ್ದಿದ್ದರೆ ನಾನು ನಿಮ್ಮಲ್ಲಿಗೆ ಯಾಕೆ ಬರುತ್ತಿದ್ದೆ?" ಎಂದು ಅವರು ಎದ್ದುಹೋದರು. ಅವರಿಗೆ ನಮ್ಮಿಂದ ಸಹಾಯವಾಗಲಿಲ್ಲ.

ಈ ಎರಡು ಪ್ರಕರಣಗಳಿಗೆ ಇದ್ದ ಅಂತರ ಒಡೆದ ಗಾಜಿನ ಒಂದು ಹಳೆಯ ಫೋನು ಮಾತ್ರ. ಆದುದರಿಂದ ಸದಸ್ಯರಲ್ಲಿ ನಮ್ಮ ವಿನಂತಿ ಇಷ್ಟೆ. ಹೊಸ ಫೋನು ಕೊಂಡ ದಿನ ಅಂಗಡಿಯಲ್ಲಿ ವಾಟ್ಸಾಪನ್ನು ಹಾಕಿಸಬೇಡಿ, ಮನೆಗೆ ತಂದು ನಿಧಾನವಾಗಿ ಮಾಡಿ. ವಿನಿಮಯಕ್ಕೆ ಕೊಡುವುದಿದ್ದರೆ ದಾಟಿಸುವ ಕೆಲಸ ಮುಗಿದು, ಪರೀಕ್ಷೆಯಾಗಿ, ಸಾಧ್ಯವಾದರೆ ಒಂದು ವಾರ ಕಳೆದ ಮೇಲೆ ಕೊಡಿ. ಕೊಡುವ ಮುನ್ನ ಫೋನನ್ನು ನೀವೇ ಒರೆಸಿ ಬರಿದು ಮಾಡಿ. ಆರು ಅಂಕಿಯ ಸಂಖ್ಯೆಯನ್ನು ಕರೆಯಲ್ಲಿ ಯಾರು ಕೇಳಿದರೂ, ಸಂಘದ ಹೆಸರು ಹೇಳಿ ಕೇಳಿದರೂ ಕೊಡಬೇಡಿ.

ನಮ್ಮ ಹಿರಿಯ ಸದಸ್ಯರ ಚೇಣಿಯ ಲೆಕ್ಕ ಮರುವಾರ ಚೀಟಿಗಳ ಪ್ರಕಾರವೇ ತೀರ್ಮಾನವಾಯಿತು. ಚೇಣಿದಾರರು ಮೋಸಗಾರರಲ್ಲ. ಎರಡನೆಯ ಕೊಯ್ಲಿನ ಒಂದು ದಿನದ ತೂಕ ಅವರ ಪುಸ್ತಕದಲ್ಲಿ ಬಿಟ್ಟುಹೋಗಿತ್ತು, ಪಟ ನೋಡಿ ಒಪ್ಪಿಕೊಂಡರು. ಆದರೂ ನಮ್ಮ ಸದಸ್ಯರು ಈಗ ಬರುವಾಗ ಒಂದು ಚಿಕ್ಕ ನೋಟ್ ಪುಸ್ತಕವನ್ನು ಕಿಸೆಯಲ್ಲಿಟ್ಟುಕೊಂಡು ಬರುತ್ತಾರೆ.

ಸದಸ್ಯರಿಗೆ ಈ ವಿಷಯದಲ್ಲಿ ತೊಡಕು ಬಂದರೆ ಕಚೇರಿಯ ವೇಳೆಯಲ್ಲಿ ಬರಬಹುದು. ಬರುವಾಗ ಹೊಸ ಫೋನಿನ ಜೊತೆ ಹಳೆಯ ಫೋನನ್ನೂ, ಎರಡರ ಚಾರ್ಜರುಗಳನ್ನೂ ತಪ್ಪದೆ ತರತಕ್ಕದ್ದು.